ಗಂಡ ಯಾವ ರಾಜ?

ಟ್ಯಾರೋ ಓದಿಸಲು 32ರ ಮಹಿಳೆಯೊಬ್ಬಳು ಬಂದಿದ್ದಾಳೆ ಎಂದುಕೊಳ್ಳಿ. ಗಂಡನಿಗೆ 36. ಜಗಳವಾಗಿ ಹತ್ತು ದಿನ, ಮನೆಯಲ್ಲಿ ಮಾತಿಲ್ಲ. ಕಾರ್ಡ್ ಕಲೆಸುವ ಮುನ್ನ ಓದುವವರು ಕೇಳುತ್ತಾರೆ: ‘ಅವರ ಬದಲಿಗೆ ಯಾವ ಕಾರ್ಡ್ ಇಡೋಣ?’ ಅವಳ ಬೆರಳು ನೇರವಾಗಿ ಕತ್ತಿ ಹಿಡಿದ ರಾಜನ ಮೇಲೆ ಹೋಗುತ್ತದೆ, ಕಿಂಗ್ ಆಫ್ ಸ್ವೋರ್ಡ್ಸ್.

ಹೀಗೆ ಒಬ್ಬರ ಪರವಾಗಿ ಇಡುವ ಕಾರ್ಡಿಗೆ ಸಿಗ್ನಿಫಿಕೇಟರ್ ಎಂದು ಹೆಸರು. ಸಾಮಾನ್ಯವಾಗಿ ಇದನ್ನು ಪೇಜ್, ನೈಟ್, ಕ್ವೀನ್, ಕಿಂಗ್ ಎಂಬ 16 ಆಸ್ಥಾನದ ಕಾರ್ಡುಗಳಿಂದ ಆರಿಸುತ್ತಾರೆ.

1909ರಲ್ಲಿ ಲಂಡನ್ನಿನಲ್ಲಿ ಹೊರಬಂದ ಪ್ರಸಿದ್ಧ ಕಟ್ಟಿನ ಹಿಂದಿದ್ದ ಎ. ಇ. ವೇಯ್ಟ್ ಇದಕ್ಕೊಂದು ನಿಯಮ ಬರೆದಿಟ್ಟ. ನಲವತ್ತು ದಾಟಿದ ಗಂಡಸಿಗೆ ನೈಟ್, ಅದಕ್ಕಿಂತ ಚಿಕ್ಕವನಿಗೆ ಕಿಂಗ್. ನಲವತ್ತು ದಾಟಿದ ಹೆಂಗಸಿಗೆ ಕ್ವೀನ್, ಚಿಕ್ಕವಳಿಗೆ ಪೇಜ್. ನಾಲ್ಕು ಬಣಗಳಲ್ಲಿ ಯಾವುದು ಎಂಬುದನ್ನು ಕೂದಲು, ಕಣ್ಣಿನ ಬಣ್ಣ ಹೇಳಬೇಕು. ಕಪ್ಪು ಕೂದಲು, ಕಪ್ಪು ಕಣ್ಣಿನವರು ಪೆಂಟಕಲ್ಸ್. ಈ ಲೆಕ್ಕದಲ್ಲಿ ನಮ್ಮೂರಿನ ಹೆಚ್ಚುಕಡಿಮೆ ಎಲ್ಲರೂ ಒಂದೇ ಬಣಕ್ಕೆ ಸೇರಿಬಿಡುತ್ತಾರೆ! ಸ್ವಭಾವ ಬೇರೆಯಾಗಿದ್ದರೆ ಬಣ ಬದಲಿಸಬಹುದು ಎಂದು ವೇಯ್ಟ್ ಕೂಡ ಹೇಳಿದ್ದ: ಕಪ್ಪಗಿದ್ದೂ ಬಹಳ ಚುರುಕಾದವನಿಗೆ ಪೆಂಟಕಲ್ಸ್‌ಗಿಂತ ಸ್ವೋರ್ಡ್ಸ್ ಮೇಲು.

ಇನ್ನು ಕೆಲವರು ಪಾಶ್ಚಾತ್ಯ ಪದ್ಧತಿಯ ಸೂರ್ಯರಾಶಿ ನೋಡುತ್ತಾರೆ. ಗಂಡ ಹುಟ್ಟಿದ್ದು ನವೆಂಬರ್ 10ಕ್ಕೆ. ವೃಶ್ಚಿಕ ಜಲರಾಶಿ, ಆದ್ದರಿಂದ ಕಪ್ಸ್. ಅಲ್ಲಿಗೆ ಒಬ್ಬನೇ ಮನುಷ್ಯನಿಗೆ ಮೂವರು ರಾಜರಾದರು: ಕೋಪ ಆರಿಸಿದ ಸ್ವೋರ್ಡ್ಸ್, ಮೈಬಣ್ಣ ಆರಿಸಿದ ಪೆಂಟಕಲ್ಸ್, ರಾಶಿ ಆರಿಸಿದ ಕಪ್ಸ್.

ಆಯ್ಕೆಯಿಂದ ಆಗುವ ವ್ಯತ್ಯಾಸ ಹರಡಿದಾಗ ಕಾಣುತ್ತದೆ. ಅವಳ ಕಾರ್ಡ್ ಎಡಕ್ಕೆ, ಅವನದು ಬಲಕ್ಕೆ ಇಟ್ಟು, ಉಳಿದ 76ನ್ನು ಕಲೆಸಿ, ಒಂದೊಂದರ ಕೆಳಗೂ ಮೂರು ಇಡುತ್ತಾರೆ: ಯೋಚನೆ, ಭಾವನೆ, ನಡೆ. ನಡುವೆ ಇಬ್ಬರಿಗೂ ಸೇರಿದ್ದೊಂದು. ಗಂಡನ ‘ಭಾವನೆ’ಯ ಜಾಗಕ್ಕೆ ಫೋರ್ ಆಫ್ ಕಪ್ಸ್ ಬಿತ್ತು ಎನ್ನಿ. ಮರದಡಿ ಕೈಕಟ್ಟಿ ಕುಳಿತವನೊಬ್ಬ, ಪಕ್ಕದಲ್ಲೇ ಚಾಚಿದ ಬಟ್ಟಲನ್ನು ತೆಗೆದುಕೊಳ್ಳದ ಚಿತ್ರ. ಮೇಲೆ ಕತ್ತಿಯ ರಾಜನಿದ್ದರೆ ಅದು ‘ಹಟ’ ಎನಿಸುತ್ತದೆ. ಅಲೆಗಳ ನಡುವೆ ಸಿಂಹಾಸನವಿರುವ ಕಪ್ಸ್ ರಾಜನಿದ್ದರೆ ‘ನೊಂದು ಸುಮ್ಮನಾಗಿದ್ದಾನೆ’ ಎನಿಸುತ್ತದೆ. ಗಂಡನ ಮನಸ್ಸನ್ನು ಕಾರ್ಡುಗಳು ತಿಳಿಯುತ್ತವೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ. ಕಾಣುತ್ತಿರುವುದು ಅವನನ್ನು ಅವಳು ನೋಡುವ ಬಗೆ.

ಆದ್ದರಿಂದ ಅವನ ಸಾಲಿನ ಮೂರೂ ಕಾರ್ಡುಗಳು ಅವಳು ಒಳಗೆ ಬರುವಾಗ ಹೇಳಿದ ದೂರನ್ನೇ ಮತ್ತೆ ಹೇಳಿದರೆ ಆಯ್ಕೆಯನ್ನು ಸಂಶಯಿಸಬೇಕು. ಆಗ ಅನುಭವಿಗಳು ಸಿಗ್ನಿಫಿಕೇಟರ್ ಒಂದನ್ನೇ ಬದಲಿಸಿ, ಹರಡಿದ್ದನ್ನು ಹಾಗೇ ಬಿಟ್ಟು ಮತ್ತೊಮ್ಮೆ ಓದುತ್ತಾರೆ. ಇನ್ನೊಂದು ಕೊರತೆಯೂ ಇದೆ: ತೆಗೆದಿಟ್ಟ ಕಾರ್ಡ್ ಹರಡಿಕೆಯಲ್ಲಿ ಬರಲಾರದು. ಅದಕ್ಕೇ ಕೆಲವರು ಹೆಸರನ್ನಷ್ಟೇ ನಿಗದಿಮಾಡಿ, ಕಾರ್ಡನ್ನು ಕಟ್ಟಿನಲ್ಲೇ ಬಿಡುತ್ತಾರೆ. ಕಪ್ಸ್ ರಾಜ ಅವಳ ‘ಯೋಚನೆ’ಯ ಜಾಗಕ್ಕೇ ಬಂದು ಕೂತರೆ, ಮಾತು ಗಂಡನಿಂದ ಅವಳತ್ತ ತಿರುಗುತ್ತದೆ.