ಓಟಿಪಿ ಸಂದೇಶ: ಒಕ್ಕಣೆ ಚಿಕ್ಕದಿರಲಿ



ಕಾರವಾರ, ಅಂಕೋಲಾ ಪೇಟೆಯ ಗ್ರಾಹಕರು ಮೊಬೈಲ್ ನಂಬರಿನಿಂದ ಲಾಗಿನ್ ಆಗಿ ಹಾಲು ತರಿಸಿಕೊಳ್ಳುವ ಏರ್ಪಾಡನ್ನು ನಿಮ್ಮ ಸಂಘ ಮಾಡುವುದಾದರೆ, ಪ್ರತಿ ಓಟಿಪಿ ಸಂದೇಶಕ್ಕೂ ಸಂಘವೇ ಹಣ ತೆರಬೇಕು. ಒಂದು ಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ ಕನ್ನಡದ್ದು 70 ಮಾತ್ರ. ಗುಣಿತ, ಒತ್ತು, ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತವೆ. ಮೀರಿದರೆ ಎರಡು ಸಂದೇಶದ ದರ. ದಿನಕ್ಕೆ 200 ಲಾಗಿನ್‌ಗೆ 400ರ ಬಿಲ್ಲು. "ಹಾಲು ಸಂಘ ಲಾಗಿನ್ ಓಟಿಪಿ 482913. ಯಾರಿಗೂ ಹೇಳಬೇಡಿ." ಇದು 45ರಲ್ಲೇ ಮುಗಿಯುತ್ತದೆ. ಒಮ್ಮೆ ಲಾಗಿನ್ ಆದ ಫೋನಿಗೆ ದಿನವೂ ಓಟಿಪಿ ಕೇಳದಿದ್ದರೆ ಇನ್ನೂ ಉಳಿತಾಯ.

ಟ್ರಾಯ್‌ನ 2018ರ ನಿಯಮದಂತೆ ಒಕ್ಕಣೆಯನ್ನು ಡಿ.ಎಲ್.ಟಿ.ಯಲ್ಲಿ ನೋಂದಾಯಿಸಬೇಕು. ಆಮೇಲೆ ಪದ ಬದಲಿಸಿದರೆ ಸಂದೇಶ ದಾರಿಯಲ್ಲೇ ತಡೆಯಾಗುತ್ತದೆ. ಎಲ್ಲರಿಗೂ ಒಮ್ಮೆಲೇ ನಿಂತರೆ ಮೊದಲು ಒಕ್ಕಣೆ ನೋಡಿರಿ. ಒಬ್ಬರಿಗೆ ಮಾತ್ರ ಬಾರದಿದ್ದರೆ ಅವರ ಸಿಗ್ನಲ್ ವಿಚಾರಿಸಿರಿ.