ಸೈಲೆನ್ಸರ್ ಒಳಗಿನ ಪ್ಲಾಟಿನಂ ಖಾಲಿ ಆಗುತ್ತಾ? ಉತ್ತರ ಕೊಟ್ಟಿಗೆಯಲ್ಲಿದೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಹೋದ ವಾರ ತೀರ್ಥಹಳ್ಳಿಯಿಂದ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಅವನ ಬಿಎಸ್ 6 ಬೈಕು 30 ಸಾವಿರ ಕಿಲೋಮೀಟರ್ ಓಡಿದೆ. "ಅಣ್ಣಾ, ಸೈಲೆನ್ಸರ್ ಒಳಗೆ ಕ್ಯಾಟಲಿಟಿಕ್ ಕನ್ವರ್ಟರ್ ಅಂತ ಇರುತ್ತಲ್ಲ, ಅದರೊಳಗಿನ ಪ್ಲಾಟಿನಂ ಇಷ್ಟೊತ್ತಿಗೆ ಖಾಲಿ ಆಗಿರುತ್ತಂತೆ. ತೆಗೆಸಿ ಬೇರೆ ಸೈಲೆನ್ಸರ್ ಹಾಕ್ಸು ಅಂತ ಒಬ್ರು ಹೇಳ್ತಿದಾರೆ. ಹಾಕ್ಸ್ಲಾ?" ಅಂತ ಕೇಳಿದ.

ನಾನು ಓದಿದ್ದು ಬಿಕಾಂ. ತಕ್ಷಣ ಉತ್ತರ ಗೊತ್ತಿರ್ಲಿಲ್ಲ. "ಒಂದು ವಾರ ತಡಿ ಮಾರಾಯ" ಅಂದೆ. ಆ ವಾರ ಓದಿ, ವಿಚಾರಿಸಿ ತಿಳ್ಕೊಂಡಿದ್ದೇ ಇವತ್ತಿನ ಸಂಚಿಕೆ.

ತೀರ್ಥಹಳ್ಳಿಯಿಂದ ಉಡುಪಿಗೆ ಹೋಗೋದನ್ನ ನೆನಪು ಮಾಡ್ಕೊಳ್ಳಿ. ತೀರ್ಥಹಳ್ಳಿ ಇರೋದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಉಡುಪಿ ಕಡಲ ಪಕ್ಕದಲ್ಲಿ. ಒಟ್ಟು ಲೆಕ್ಕದಲ್ಲಿ ಇದು ಇಳಿಯೋ ದಾರಿ. ಆದ್ರೂ ಮೊದಲು ಆಗುಂಬೆಗೆ ಹತ್ತಲೇಬೇಕು, ಆಮೇಲೇ ಘಾಟಿ ಇಳಿಯೋದು. ಬಹಳಷ್ಟು ರಾಸಾಯನಿಕ ಕ್ರಿಯೆಗಳೂ ಹೀಗೇನೇ. ಕೊನೆಗೆ ಶಕ್ತಿ ಕಡಿಮೆ ಇರೋ ಜಾಗಕ್ಕೇ ಇಳಿಯುತ್ತವೆ, ಆದ್ರೆ ನಡುವೆ ಒಂದು ಏರು ಇರುತ್ತೆ. ಹಳೇ ಬಂಧ ಸಡಿಲ ಆಗದೆ ಹೊಸ ಬಂಧ ಕೂಡಲ್ಲ, ಸಡಿಲ ಮಾಡೋಕೆ ಶಕ್ತಿ ಬೇಕು. ಈ ಏರಿಗೇ ಆಕ್ಟಿವೇಶನ್ ಎನರ್ಜಿ ಅಂತಾರೆ, ಕನ್ನಡದಲ್ಲಿ ಸಕ್ರಿಯಣ ಶಕ್ತಿ.

ಏರು ದೊಡ್ಡದಿದ್ರೆ ಅದನ್ನ ದಾಟುವಷ್ಟು ಕಸುವು ಇರೋ ಅಣುಗಳು ತೀರಾ ಕಡಿಮೆ, ಹಾಗಾಗಿ ಕ್ರಿಯೆ ನಿಧಾನ. ಬಿಸಿ ಮಾಡಿದ್ರೆ ಜಾಸ್ತಿ ಅಣುಗಳಿಗೆ ಕಸುವು ಬರುತ್ತೆ. ಕ್ರಿಯಾವರ್ಧಕ, ಅಂದ್ರೆ ಕ್ಯಾಟಲಿಸ್ಟ್, ಮಾಡೋದು ಬೇರೆ ಕೆಲಸ. ಅದು ಅಣುಗಳಿಗೆ ಶಕ್ತಿ ಕೊಡಲ್ಲ, ಕಡಿಮೆ ಏರಿನ ಇನ್ನೊಂದು ದಾರಿ ತೋರಿಸುತ್ತೆ. ಹೊರಟ ಊರು ಅದೇ, ಮುಟ್ಟೋ ಊರೂ ಅದೇ.

ಈಗ ಕೊಟ್ಟಿಗೆಗೆ ಬರೋಣ. ಸಾಗರ, ಹೊಸನಗರ ಕಡೆ ದನದ ಕೊಟ್ಟಿಗೆಗೆ ಸೊಪ್ಪು ಹಾಸೋ ಮನೆಯವರಿಗೆ ಇದು ಗೊತ್ತು. ದನ ಆಗಷ್ಟೇ ಹೊಯ್ದ ಗಂಜಲಕ್ಕೆ ಕಣ್ಣು ಉರಿಸೋ ವಾಸನೆ ಇರಲ್ಲ. ಅದೇ ಸೊಪ್ಪು, ಸಗಣಿ ಜೊತೆ ಬೆರೆತು ರಾತ್ರಿ ಕಳೆದ್ರೆ, ಬೆಳಗ್ಗೆ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುತ್ತೆ. ಅದು ಅಮೋನಿಯಾ. ಗಂಜಲದಲ್ಲಿ ಯೂರಿಯಾ ಇದೆ. ಯೂರಿಯಾ ನೀರಿನ ಜೊತೆ ಸೇರಿ ಒಡೆದ್ರೆ ಅಮೋನಿಯಾ ಮತ್ತು ಕಾರ್ಬನ್ ಡೈಆಕ್ಸೈಡ್ ಆಗುತ್ತೆ.

ಬರೀ ನೀರಲ್ಲಿ ಕರಗಿಸಿಟ್ರೆ, 25 ಡಿಗ್ರಿ ಉಷ್ಣತೆಯಲ್ಲಿ, ಅರ್ಧ ಯೂರಿಯಾ ತಾನಾಗಿ ಒಡೆಯೋಕೆ ಸುಮಾರು 40 ವರ್ಷ ಬೇಕು ಅಂತ ಲೆಕ್ಕ. ಕೊಟ್ಟಿಗೆಯಲ್ಲಿ ಒಂದು ರಾತ್ರಿಯಲ್ಲೇ ಅಷ್ಟು ವಾಸನೆ ಬರೋ ಹಾಗೆ ಮಾಡೋದು ಸಗಣಿಯ ಸೂಕ್ಷ್ಮಜೀವಿಗಳಲ್ಲಿರೋ ಯೂರಿಯೇಸ್ ಅನ್ನೋ ಕಿಣ್ವ. ಕಿಣ್ವ ಅಂದ್ರೆ ಜೀವಿಗಳು ತಯಾರಿಸೋ ಕ್ರಿಯಾವರ್ಧಕ. ಯೂರಿಯೇಸ್ ಒಂದು ಪ್ರೋಟೀನು. 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಇದನ್ನ ಜ್ಯಾಕ್ ಬೀನ್ ಅನ್ನೋ ಕಾಳಿಂದ ಹರಳಿನ ರೂಪದಲ್ಲಿ ತೆಗೆದ್ರು. ಹರಳಾಗಿ ಸಿಕ್ಕಿದ ಮೊದಲ ಕಿಣ್ವ ಇದೇ.

ಸರಿ, ಯೂರಿಯೇಸ್ ಖರ್ಚಾಗದೆ ಹೇಗೆ ಕೆಲಸ ಮಾಡುತ್ತೆ? ಅದರ ಮೈಯಲ್ಲಿ ಒಂದು ಸಣ್ಣ ಗುಳಿ ಇದೆ. ಗುಳಿಯಲ್ಲಿ ಎರಡು ನಿಕಲ್ ಪರಮಾಣುಗಳು ಅಕ್ಕಪಕ್ಕ ಕೂತಿವೆ. ಯೂರಿಯಾ ಅಣು ಬಂದು ಅಲ್ಲಿ ಕೂರುತ್ತೆ. ನಿಕಲ್ ಅದನ್ನ ಹಿಡ್ಕೊಂಡು, ನೀರು ಸುಲಭವಾಗಿ ಹೊಡೆಯೋ ಹಾಗೆ ಸಜ್ಜು ಮಾಡುತ್ತೆ. ಯೂರಿಯಾ ಒಡೆಯುತ್ತೆ, ಚೂರುಗಳು ಹೊರಗೆ ಹೋಗುತ್ತವೆ, ಗುಳಿ ಮೊದಲಿನಂತೆ ಖಾಲಿ. ಮುಂದಿನ ಅಣು ಬರಬಹುದು. ಒಂದೇ ಕಿಣ್ವದ ಅಣು ಸೆಕೆಂಡಿಗೆ ಸಾವಿರಾರು ಸಲ ಹೀಗೆ ಮಾಡಬಲ್ಲದು. ಅಂದ್ರೆ ಕ್ರಿಯಾವರ್ಧಕ ಕ್ರಿಯೆಯಲ್ಲಿ ಭಾಗವಹಿಸಲ್ಲ ಅನ್ನೋದು ತಪ್ಪು. ಪೂರ್ತಿ ಭಾಗವಹಿಸುತ್ತೆ, ಪ್ರತಿ ಸುತ್ತಿನ ಕೊನೆಗೆ ಮೊದಲಿನ ರೂಪಕ್ಕೆ ಮರಳುತ್ತೆ.

ಇದನ್ನ ಮನೆಯಲ್ಲೇ ನೋಡಬಹುದು. ಮೂರು ಲೋಟಕ್ಕೆ ಅರ್ಧರ್ಧ ನೀರು ಹಾಕಿ, ತೋಟಕ್ಕೆ ತಂದ ಯೂರಿಯಾ ಒಂದೊಂದು ಚಮಚ ಕರಗಿಸಿ. ಮೊದಲನೆಯದನ್ನ ಹಾಗೇ ಬಿಡಿ. ಎರಡನೆಯದಕ್ಕೆ ಹಸಿ ಸೋಯಾ ಕಾಳಿನ ಪುಡಿ ಎರಡು ಚಮಚ ಹಾಕಿ, ಸೋಯಾದಲ್ಲೂ ಯೂರಿಯೇಸ್ ಇದೆ. ಮೂರನೆಯದಕ್ಕೆ ಅದೇ ಕಾಳನ್ನ ಚೆನ್ನಾಗಿ ಬೇಯಿಸಿ ಅರೆದು ಹಾಕಿ. ಪ್ರತಿ ಮುಚ್ಚಳದ ಒಳಗೆ ಅರಿಶಿನ ಬಳಿದ ಒದ್ದೆ ಕಾಗದ ಅಂಟಿಸಿ ಮುಚ್ಚಿ. ಒಂದು ಗಂಟೆ ಆಸುಪಾಸಿನಲ್ಲಿ ಎರಡನೇ ಲೋಟದ ಕಾಗದ ಮಾತ್ರ ಕೆಂಪಗಾಗ್ಬೇಕು. ಕುಂಕುಮ ಮಾಡುವಾಗ ಅರಿಶಿನ ಸುಣ್ಣಕ್ಕೆ ಕೆಂಪಾಗುತ್ತಲ್ಲ, ಅಮೋನಿಯಾಕ್ಕೂ ಹಾಗೇ. ಈ ಲೋಟಗಳನ್ನ ಮತ್ತೆ ಅಡುಗೆಮನೆಗೆ ಬಳಸ್ಬೇಡಿ.

ಬೇಯಿಸಿದ ಸೋಯಾ ಯಾಕೆ ಕೆಲಸ ಮಾಡಲ್ಲ? ಬಿಸಿಗೆ ಪ್ರೋಟೀನಿನ ಮಡಿಕೆ ಬಿಚ್ಚಿ ಗುಳಿ ಹಾಳಾಗುತ್ತೆ. ಕಿಣ್ವ ಖರ್ಚಾಗಿಲ್ಲ, ಕೆಟ್ಟಿದೆ. ಖರ್ಚಾಗೋದು ಬೇರೆ, ಕೆಡೋದು ಬೇರೆ. ತಮ್ಮನಿಗೆ ಹೇಳಬೇಕಿದ್ದ ಮಾತು ಇದೇ.

ಈಗ ಸೈಲೆನ್ಸರ್. ಒಳಗೆ ಜೇನುಗೂಡಿನ ತರ ಸಣ್ಣ ಸಣ್ಣ ಕೊಳವೆಗಳು, ಅವುಗಳ ಗೋಡೆ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನ ಅತಿ ಸಣ್ಣ ಕಣಗಳು. ಇಂಜಿನ್ನಿಂದ ಬರೋ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಲೋಹದ ಮೇಲೆ ಕೂರುತ್ತೆ. ಆಮ್ಲಜನಕದ ಅಣು ಅದೇ ಲೋಹದ ಮೇಲೆ ಎರಡಾಗಿ ಒಡೆದು ಪಕ್ಕದಲ್ಲಿ ಕೂರುತ್ತೆ. ಅವೆರಡೂ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತವೆ, ಜಾಗ ಖಾಲಿ. ಯೂರಿಯೇಸ್ ಗುಳಿಯ ಕಥೆಯೇ ಇದು, ಇಲ್ಲಿ ಪ್ರೋಟೀನಿನ ಬದಲು ಲೋಹ.

ಇದಕ್ಕೂ ಮಿತಿ ಇದೆ. ಏರು ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಕನ್ವರ್ಟರ್ ಸರಿಯಾಗಿ ಕೆಲಸ ಶುರು ಮಾಡೋಕೆ ಸುಮಾರು 250ರಿಂದ 300 ಡಿಗ್ರಿ ಬಿಸಿ ಬೇಕು. ಮಳೆಗಾಲದ ಬೆಳಗ್ಗೆ ಸ್ಟಾರ್ಟ್ ಮಾಡಿ ಪಕ್ಕದ ಅಂಗಡಿಗೆ ಹೋಗಿ ಬಂದ್ರೆ, ಅದು ಬಿಸಿಯಾಗೋ ಮೊದಲೇ ನಿಮ್ಮ ಕೆಲಸ ಮುಗಿದಿರುತ್ತೆ.

ಕೆಡೋದು ಹೇಗೆ? ಇಂಜಿನ್ ಆಯಿಲ್ ಸುಡ್ತಿದ್ರೆ ಅದರಲ್ಲಿರೋ ರಂಜಕ, ಸತು ಲೋಹದ ಮೇಲೆ ಪದರವಾಗಿ ಕೂತು ಜಾಗ ಮುಚ್ಚುತ್ತವೆ. ಸೈಲೆನ್ಸರಿಂದ ನೀಲಿ ಹೊಗೆ ಬರೋದು ಇದರ ಸೂಚನೆ. ಪ್ಲಗ್ ಸರಿ ಕಿಡಿ ಕೊಡದಿದ್ರೆ ಸುಡದ ಪೆಟ್ರೋಲು ಕನ್ವರ್ಟರ್ ಒಳಗೇ ಉರಿದು ಅತಿ ಬಿಸಿಯಾಗುತ್ತೆ. ಆಗ ಲೋಹದ ಸಣ್ಣ ಕಣಗಳು ಒಂದಕ್ಕೊಂದು ಕೂಡಿ ದಪ್ಪಗಾಗುತ್ತವೆ. ಲೋಹ ಅಷ್ಟೇ ಇದೆ, ಕೆಲಸ ಮಾಡೋ ಮೈ ಕಮ್ಮಿ. ಹಿಂದೆ ಪೆಟ್ರೋಲಿಗೆ ಬೆರೆಸ್ತಿದ್ದ ಸೀಸವೂ ಹೀಗೇ ಜಾಗ ಮುಚ್ಚುತ್ತಿತ್ತು. ಅದಕ್ಕೇ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯ ಮಾಡಿದಾಗ, ಅಲ್ಲಿ ಸೀಸರಹಿತ ಪೆಟ್ರೋಲನ್ನೂ ಜೊತೆಗೇ ತಂದ್ರು.

ಹಾಗಾಗಿ ತಮ್ಮನಿಗೆ ಫೋನ್ ಮಾಡಿ ಹೇಳಿದೆ: "30 ಸಾವಿರ ಓಡಿದ್ದಕ್ಕೆ ಪ್ಲಾಟಿನಂ ಖಾಲಿ ಆಗಲ್ಲ ಕಣೋ. ನೀಲಿ ಹೊಗೆ ಇದ್ಯಾ? ಇಂಜಿನ್ ಲೈಟ್ ಉರೀತಿದ್ಯಾ? ಎಳೆಯೋದು ಕಮ್ಮಿ ಆಗಿದ್ಯಾ?" ಮೂರಕ್ಕೂ ಇಲ್ಲ ಅಂದ. "ಹಾಗಾದ್ರೆ ಸೈಲೆನ್ಸರ್ ಮುಟ್ಬೇಡ. ಆ ದುಡ್ಡಲ್ಲಿ ಹೊತ್ತಿಗೆ ಸರಿಯಾಗಿ ಆಯಿಲ್ ಬದಲಾಯಿಸು, ಪ್ಲಗ್ ನೋಡಿಸು. ಅದನ್ನ ತೆಗೆಸಿದ್ರೆ ಕಾರ್ಬನ್ ಮಾನಾಕ್ಸೈಡ್ ಹಾಗೇ ಹೊರಗೆ ಬರುತ್ತೆ, ನೀನು ಬೈಕ್ ಸ್ಟಾರ್ಟ್ ಮಾಡೋದು ಅಜ್ಜಿ ಕೂರೋ ಜಗಲಿ ಪಕ್ಕದಲ್ಲಿ."

ಸ್ವಲ್ಪ ಹೊತ್ತು ಸುಮ್ನಿದ್ದ. ಆಮೇಲೆ, "ಸರಿ ಅಣ್ಣಾ, ಸೋಯಾ ಕಾಳು ಎಲ್ಲಿ ಸಿಗುತ್ತೆ?" ಅಂದ.