ಯಾವ ಹೂಡಿಕೆಯಿಂದ ಎಷ್ಟು ಅಪಾಯ?

ಒಬ್ಬರ ಬಳಿ 10 ಲಕ್ಷ ರೂಪಾಯಿ ಇದೆ ಎನ್ನೋಣ: 6 ಲಕ್ಷ ಷೇರಿನಲ್ಲಿ, 4 ಲಕ್ಷ ಚಿನ್ನದಲ್ಲಿ. ದಿನದ ಏರಿಳಿತ ಷೇರಿನದು ಶೇ. 1, ಚಿನ್ನದ್ದು ಶೇ. 0.8, ಒಂದರ ಏರಿಳಿತಕ್ಕೂ ಇನ್ನೊಂದರದಕ್ಕೂ ಸಂಬಂಧವಿಲ್ಲ. ಲೆಕ್ಕ ಹಾಕಿದರೆ ಒಟ್ಟು 'ವ್ಯಾಲ್ಯೂ ಅಟ್ ರಿಸ್ಕ್' 11,220 ರೂಪಾಯಿ. ಅಂದರೆ ನೂರು ದಿನಗಳಲ್ಲಿ ಸುಮಾರು ಐದು ದಿನ ಮಾತ್ರ ನಷ್ಟ ಇದನ್ನು ಮೀರಬಹುದು.

ಈ ಮೊತ್ತದಲ್ಲಿ ಯಾರ ಪಾಲೆಷ್ಟು? ಮೊದಲು ಮಾರ್ಜಿನಲ್ ಲೆಕ್ಕ: ಷೇರಿಗೆ ಇನ್ನೊಂದು ಸಾವಿರ ಸೇರಿಸಿದರೆ ಅಪಾಯ ಸುಮಾರು 14.60 ರೂಪಾಯಿ ಏರುತ್ತದೆ, ಚಿನ್ನಕ್ಕಾದರೆ 6.20 ಮಾತ್ರ. ಈ ದರವನ್ನು ಹೂಡಿದ ಮೊತ್ತದಿಂದ ಗುಣಿಸಿದರೆ ಕಾಂಪೊನೆಂಟ್ ಪಾಲು ಸಿಗುತ್ತದೆ. ಷೇರಿನದು ಸುಮಾರು 8,735, ಚಿನ್ನದ್ದು 2,485. ಕೂಡಿದರೆ ಸರಿಯಾಗಿ 11,220. ಹಣದಲ್ಲಿ ಶೇ. 40ರಷ್ಟಿರುವ ಚಿನ್ನ, ಅಪಾಯದಲ್ಲಿ ಶೇ. 22 ಮಾತ್ರ.

ಹಲವರು ಎಡವುವುದು ಇಲ್ಲಿಂದ ಮುಂದೆ. ಚಿನ್ನವನ್ನೆಲ್ಲ ಮಾರಿ ಹಣವನ್ನು ಸುಮ್ಮನೆ ಇಟ್ಟರೆ ಅಪಾಯ 2,485 ಇಳಿಯುವುದಿಲ್ಲ. ಉಳಿದ ಷೇರಿನದೇ 9,900 ಇರುವುದರಿಂದ ಇಳಿಯುವುದು 1,320 ಅಷ್ಟೇ. ಮಾರ್ಜಿನಲ್ ದರ ಸಣ್ಣ ಬದಲಾವಣೆಗಷ್ಟೇ ಹೊಂದುತ್ತದೆ. ಪೂರ್ತಿ ಮಾರುವ ಮುನ್ನ ಲೆಕ್ಕವನ್ನು ಹೊಸದಾಗಿ ಮಾಡಬೇಕು.

ಪೇಟೆ ಕುಸಿದಾಗ ಎರಡೂ ಜೊತೆಯಾಗಿ ಬೀಳತೊಡಗಿ ಪರಸ್ಪರ ಸಂಬಂಧ 0.5ಕ್ಕೇರಿದರೆ ಒಟ್ಟು ಅಪಾಯ ಸುಮಾರು 13,350 ಆಗುತ್ತದೆ, ಚಿನ್ನದ ಪಾಲು ಶೇ. 30ಕ್ಕೆ ಜಿಗಿಯುತ್ತದೆ. ಶಾಂತ ದಿನಗಳ ಅಂಕಿಗಳಿಂದ ಮಾಡಿದ ಹಂಚಿಕೆಯನ್ನೇ ನೆಚ್ಚಿ ಕೂರಬೇಡಿ. ಈ ಎರಡನೇ ಲೆಕ್ಕವನ್ನೂ ಹಾಕಿ ನೋಡಿ.